ಸಹಿ ಹಾಕಬೇಕಾದವರೇ ಐಸಿಯುನಲ್ಲಿದ್ದರೆ?

ತುರ್ತು ನಿಧಿ ಎಷ್ಟಿರಬೇಕು ಎಂದು ಯಾರನ್ನು ಕೇಳಿದರೂ ಸಿಗುವ ಉತ್ತರ ಒಂದೇ: ಮೂರರಿಂದ ಆರು ತಿಂಗಳ ಸಂಬಳ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗೆ ಈ ಉತ್ತರ ನಡೆಯುತ್ತದೆ. ಒಬ್ಬರ ಕೆಲಸ ಹೋದರೂ ಇನ್ನೊಬ್ಬರ ಸಂಬಳ ಒಂದನೇ ತಾರೀಕು ಬಂದೇ ಬರುತ್ತದೆ, ಅರ್ಧ ಸಂಸಾರ ಅದರಲ್ಲೇ ಸಾಗುತ್ತದೆ. ದುಡಿಯುವವರು ಒಬ್ಬರೇ ಇರುವ ಮನೆಯಲ್ಲಿ ಹಾಗಲ್ಲ. ಅಲ್ಲಿ ಆದಾಯ ಕಡಿಮೆಯಾಗುವುದಿಲ್ಲ, ಒಂದೇ ದಿನದಲ್ಲಿ ಸೊನ್ನೆಯಾಗುತ್ತದೆ.

ಇಂಥ ಮನೆಗಳಿಗೆ ಇನ್ನೊಂದು ತೊಡಕೂ ಇದೆ, ಅದರ ಬಗ್ಗೆ ಮಾತಾಡುವವರು ಕಡಿಮೆ. ದುಡಿಯುವವರು ಯಾರೋ ಬ್ಯಾಂಕಿನ ವ್ಯವಹಾರ ನೋಡಿಕೊಳ್ಳುವವರೂ ಸಾಮಾನ್ಯವಾಗಿ ಅವರೇ. ಸಂಬಳದ ಖಾತೆ ಅವರ ಹೆಸರಲ್ಲಿ, ಆ್ಯಪ್ ಅವರ ಫೋನಿನಲ್ಲಿ, ಪಿನ್ ಅವರ ತಲೆಯಲ್ಲಿ, ಎಫ್‌ಡಿ ರಸೀದಿ ಅವರಿಗೆ ಮಾತ್ರ ಗೊತ್ತಿರುವ ಫೈಲಿನಲ್ಲಿ. ಅವರಿಗೇ ಅಪಘಾತವಾದರೆ, ಪಾರ್ಶ್ವವಾಯು ಹೊಡೆದರೆ, ಆದಾಯವೂ ನಿಲ್ಲುತ್ತದೆ, ಕೂಡಿಟ್ಟ ಹಣದ ಬೀಗದ ಕೈಯೂ ಅದೇ ಹೊತ್ತಿಗೆ ಕಳೆದುಹೋಗುತ್ತದೆ. ಹಾಗಾಗಿ ಒಬ್ಬರ ದುಡಿಮೆಯ ಮನೆಯವರು ಎರಡು ಲೆಕ್ಕ ಹಾಕಬೇಕು. ಎಷ್ಟು ಇಡಬೇಕು ಎನ್ನುವುದು ಒಂದು. ದುಡಿಯುವವರ ಸಹಿ, ಫೋನು ಎರಡೂ ಇಲ್ಲದೆ ಅದನ್ನು ಯಾರು, ಎಷ್ಟು ಹೊತ್ತಿನಲ್ಲಿ ತೆಗೆಯಬಹುದು ಎನ್ನುವುದು ಇನ್ನೊಂದು. ಬಡ್ಡಿ ಎಷ್ಟು ಎನ್ನುವ ಪ್ರಶ್ನೆ ಇವೆರಡರ ನಂತರದ್ದು.

ಒಂದು ಸಂಸಾರವನ್ನು ಕಲ್ಪಿಸಿಕೊಂಡು ಲೆಕ್ಕ ಮಾಡೋಣ. ಬೆಂಗಳೂರಿನ ಪೀಣ್ಯದ ಕಾರ್ಖಾನೆಯೊಂದರಲ್ಲಿ ಯಜಮಾನರು ಸೂಪರ್‌ವೈಸರ್. ವಯಸ್ಸು ನಲವತ್ತರ ಆಸುಪಾಸು, ಕೈಗೆ ಬರುವ ಸಂಬಳ 58,000 ರೂಪಾಯಿ. ದಾಸರಹಳ್ಳಿಯಲ್ಲಿ ಬಾಡಿಗೆ ಮನೆ. ಹೆಂಡತಿ ಮನೆ ನೋಡಿಕೊಳ್ಳುತ್ತಾರೆ. ಇಬ್ಬರು ಮಕ್ಕಳು ಶಾಲೆಯಲ್ಲಿದ್ದಾರೆ, ತುಮಕೂರಿನಲ್ಲಿರುವ ತಾಯಿಗೆ ಬಿಪಿ, ಶುಗರ್. (ದುಡಿಯುವವರು ಹೆಂಡತಿಯಾಗಿದ್ದರೆ ಮುಂದಿನದನ್ನೆಲ್ಲ ತಿರುಗಿಸಿ ಓದಿಕೊಳ್ಳಿ, ಲೆಕ್ಕ ಬದಲಾಗುವುದಿಲ್ಲ.)

ಈ ಮನೆಯ ತಿಂಗಳ ಖರ್ಚು ಹೀಗಿದೆ. ಬಾಡಿಗೆ 14,000. ದಿನಸಿ, ಹಾಲು, ತರಕಾರಿ, ಗ್ಯಾಸು ಸೇರಿ 11,500. ನೀರು, ಫೋನು, ಇಂಟರ್ನೆಟ್ಟು, ಪೇಪರು 2,000. ಬೈಕಿನ ಇಎಂಐ 3,800, ಪೆಟ್ರೋಲು 3,000, ಸ್ಕೂಲ್ ವ್ಯಾನು 1,800. ತಾಯಿಯ ಔಷಧಿಗೆ, ಕೈಖರ್ಚಿಗೆ 4,000. ಚೀಟಿ 5,000. ಹಬ್ಬ, ಬಟ್ಟೆ, ಹೋಟೆಲು, ನೆಂಟರಿಷ್ಟರ ಮದುವೆಯ ಮುಯ್ಯಿ ಎಲ್ಲ ಸೇರಿ 4,400. ಇವೆಲ್ಲ ತಿಂಗಳು ತಿಂಗಳು ಕಣ್ಣಿಗೆ ಬೀಳುವ ಖರ್ಚುಗಳು. ಜನ ಎಡವುವುದು ಇವುಗಳಾಚೆ, ವರ್ಷಕ್ಕೊಮ್ಮೆ ಬರುವ ಖರ್ಚುಗಳಲ್ಲಿ. ಇಬ್ಬರು ಮಕ್ಕಳ ಶಾಲಾ ಫೀಸು ವರ್ಷಕ್ಕೆ 72,000, ಅಂದರೆ ತಿಂಗಳಿಗೆ 6,000. ಟರ್ಮ್ ವಿಮೆ, ಆರೋಗ್ಯ ವಿಮೆಯ ಕಂತು ವರ್ಷಕ್ಕೆ 30,000, ತಿಂಗಳಿಗೆ 2,500. ಇವನ್ನೂ ಸೇರಿಸಿದರೆ ಸರಿಯಾಗಿ 58,000. ಸಂಬಳ ಅಲ್ಲಿಗಲ್ಲಿಗೆ.

ಸಂಬಳ ನಿಂತ ತಿಂಗಳು ಇದರಲ್ಲಿ ಯಾವುದು ನಿಲ್ಲುತ್ತದೆ? ಹೋಟೆಲು, ಬಟ್ಟೆ ನಿಲ್ಲಿಸಬಹುದು, ಆದರೂ ಸಾವಿರ ರೂಪಾಯಿ ಚಿಲ್ಲರೆ ಖರ್ಚು ಇದ್ದದ್ದೇ. ಪೆಟ್ರೋಲು ಅರ್ಧವಾಗಬಹುದು. ದಿನಸಿಯಲ್ಲಿ ಹಿಡಿತ ಮಾಡಿದರೆ ಒಂದೂವರೆ ಸಾವಿರ ಉಳಿಯುತ್ತದೆ. ಉಳಿದದ್ದು ಒಂದು ಪೈಸೆ ಕಡಿಮೆಯಾಗುವುದಿಲ್ಲ. ಚೀಟಿಯನ್ನು ನಾವು ಉಳಿತಾಯ ಎಂದುಕೊಳ್ಳುತ್ತೇವೆ, ಆದರೆ ಕಷ್ಟದ ತಿಂಗಳಲ್ಲಿ ಅದೂ ಒಂದು ಸಾಲದಂತೆಯೇ ನಿಲ್ಲುತ್ತದೆ. ನಡುವೆ ಕಂತು ನಿಲ್ಲಿಸಿದರೆ ಡಿವಿಡೆಂಡು ಹೋಗುತ್ತದೆ, ಚೀಟಿ ಎತ್ತಿದ್ದರಂತೂ ಜಾಮೀನು ಹಾಕಿದವರ ಮನೆ ಬಾಗಿಲಿಗೆ ನೋಟಿಸು ಹೋಗುತ್ತದೆ. ಎಲ್ಲ ಬಿಗಿ ಮಾಡಿದ ಮೇಲೂ ಈ ಮನೆಗೆ ತಿಂಗಳಿಗೆ 51,600 ಬೇಕು. ಸುಲಭಕ್ಕೆ 52,000 ಎಂದಿಟ್ಟುಕೊಳ್ಳಿ. ಕಷ್ಟ ಬಂದರೆ ಅರ್ಧ ಖರ್ಚಿನಲ್ಲಿ ನಡೆಸುತ್ತೇವೆ ಎನ್ನುವವರು ಒಮ್ಮೆ ಪೆನ್ನು ಹಿಡಿದು ಕೂತು ನೋಡಬೇಕು. ಮಧ್ಯಮ ವರ್ಗದ ಬಾಡಿಗೆ ಮನೆಯ ಖರ್ಚಿನಲ್ಲಿ ಕಡಿತಕ್ಕೆ ಸಿಗುವುದು ಇಷ್ಟೇ.

ಇನ್ನು, ಎಷ್ಟು ತಿಂಗಳಿಗೆ? ಇದಕ್ಕೆ ಪುಸ್ತಕದ ಉತ್ತರ ಬೇಡ, ನಿಮ್ಮ ಕಸುಬನ್ನೇ ಕೇಳಿ. ನಿಮ್ಮ ಕಾರ್ಖಾನೆಯಲ್ಲೋ ಆಫೀಸಿನಲ್ಲೋ ಕಳೆದ ಎರಡು ಮೂರು ವರ್ಷಗಳಲ್ಲಿ ಕೆಲಸ ಬಿಟ್ಟವರಿಗೆ, ನಿಮ್ಮದೇ ವಯಸ್ಸಿನವರಿಗೆ, ಅದೇ ಸಂಬಳದ ಇನ್ನೊಂದು ಕೆಲಸ ಸಿಗಲು ಎಷ್ಟು ತಿಂಗಳು ಹಿಡಿಯಿತು? ಅದೇ ನಿಮ್ಮ ಅಳತೆ. ಇಪ್ಪತ್ತೆಂಟರ ಹುಡುಗನಿಗೆ ಎರಡು ತಿಂಗಳಲ್ಲಿ ಸಿಗುವ ಕೆಲಸ ನಲವತ್ತೆರಡರವರಿಗೆ ಆರು ತಿಂಗಳಾದರೂ ಸಿಗದಿರಬಹುದು, ಸಿಕ್ಕರೂ ಸಂಬಳ ಇಳಿದಿರಬಹುದು. ನಮ್ಮ ಸೂಪರ್‌ವೈಸರ್‌ಗೆ ಆರು ತಿಂಗಳು ಇಟ್ಟರೆ 3,12,000 ಆಗುತ್ತದೆ.

ಸರ್ಕಾರಿ ನೌಕರರಿಗೆ ಇಷ್ಟು ಬೇಕಾಗಿಲ್ಲ. ಅವರ ಸಂಬಳ ಹಠಾತ್ತನೆ ನಿಲ್ಲುವುದು ಅಪರೂಪ, ಮೂರು ತಿಂಗಳ ಖರ್ಚು ಸಾಕು. ಆಟೋ, ಟ್ಯಾಕ್ಸಿ ಓಡಿಸುವವರ ಲೆಕ್ಕ ಬೇರೆ. ಅವರಿಗೆ ಕೆಲಸ ಹೋಗುವ ಭಯವಿಲ್ಲ, ಕೈಕಾಲು ಮುರಿಯುವ ಭಯ, ಎಂಜಿನ್ ಕೂರುವ ಭಯ. ಅವರು ಮನೆಖರ್ಚಿನ ಮೇಲೆ ಗಾಡಿಯ ದೊಡ್ಡ ರಿಪೇರಿಯೊಂದರ ಹಣವನ್ನೂ ಸೇರಿಸಬೇಕು. ಸ್ವಂತ ಮನೆ ಇದ್ದರೆ, ಊರಿನಿಂದ ಅಕ್ಕಿ ರಾಗಿ ಬರುತ್ತಿದ್ದರೆ, ಮನೆಯವರು ಟೈಲರಿಂಗ್‌ನಿಂದಲೋ ಟ್ಯೂಷನ್ನಿನಿಂದಲೋ ನಾಲ್ಕು ಕಾಸು ತರುತ್ತಿದ್ದರೆ ಅಷ್ಟನ್ನು ಕಳೆಯಬಹುದು. ಪಿಎಫ್ ಮತ್ತು ಗ್ರಾಚ್ಯುಟಿಯನ್ನು ಮಾತ್ರ ಇದರಲ್ಲಿ ಕಳೆಯಬೇಡಿ. ಅದು ನಿಮ್ಮದೇ ಹಣ, ನಿಜ. ಆದರೆ ಆಧಾರ್‌ನಲ್ಲಿ ಒಂದು ಹೆಸರು, ಪಿಎಫ್ ಖಾತೆಯಲ್ಲಿ ಇನಿಶಿಯಲ್ ಬೇರೆ ಎಂಬ ಕಾರಣಕ್ಕೆ ಅರ್ಜಿ ತಿರಸ್ಕಾರವಾಗಿ ವಾರಗಟ್ಟಲೆ ಅಲೆದವರು ಎಲ್ಲ ಊರಲ್ಲೂ ಸಿಗುತ್ತಾರೆ.

ಮನೆಖರ್ಚಿನ ಲೆಕ್ಕ ಇಲ್ಲಿಗೆ ಮುಗಿಯಿತು, ನಿಧಿಯ ಲೆಕ್ಕ ಮುಗಿಯಲಿಲ್ಲ. ಆಸ್ಪತ್ರೆ ಬಾಕಿ ಇದೆ. ಆರೋಗ್ಯ ವಿಮೆ ಇದೆಯಲ್ಲ ಎನ್ನಬಹುದು. ವಿಮೆ ಇದ್ದರೂ ಕೈಯಿಂದ ಹೋಗುವ ಹಣ ಒಂದಿಷ್ಟು ಇದ್ದೇ ಇರುತ್ತದೆ. ಕ್ಯಾಶ್‌ಲೆಸ್ ಮಂಜೂರಾಗುವ ತನಕ ಕೌಂಟರಿನಲ್ಲಿ ಅಡ್ವಾನ್ಸ್ ಕೇಳುತ್ತಾರೆ. ಗ್ಲೌಸು, ಡೈಪರು ಇತ್ಯಾದಿ ಸಾಮಾನುಗಳಿಗೆ ಹಲವು ಪಾಲಿಸಿಗಳು ಕೊಡುವುದಿಲ್ಲ. ಪಾಲಿಸಿಯಲ್ಲಿ ರೂಮಿನ ಬಾಡಿಗೆಗೆ ಮಿತಿ ಇದ್ದು ನೀವು ಅದಕ್ಕಿಂತ ದೊಡ್ಡ ರೂಮು ಹಿಡಿದರೆ, ಬಾಡಿಗೆಯ ವ್ಯತ್ಯಾಸವಷ್ಟೇ ಅಲ್ಲ, ಡಾಕ್ಟರ ಫೀಸು, ಆಪರೇಷನ್ ಖರ್ಚನ್ನೂ ಅದೇ ಪ್ರಮಾಣದಲ್ಲಿ ಕತ್ತರಿಸುತ್ತಾರೆ. ಇದು ಬಿಲ್ಲು ಕೈಗೆ ಬಂದ ದಿನವೇ ಬಹಳ ಜನಕ್ಕೆ ಗೊತ್ತಾಗುವುದು. ಜೊತೆಗೆ ಓಡಾಟ, ಊಟ, ಡಿಸ್ಚಾರ್ಜ್ ಆದ ಮೇಲಿನ ಫಿಸಿಯೋಥೆರಪಿ. ನಮ್ಮ ಈ ಕುಟುಂಬಕ್ಕೆ ಸ್ವಂತ ಪಾಲಿಸಿ ಇದೆ ಎಂದಿಟ್ಟುಕೊಂಡು 75,000 ಇಡೋಣ. ಕಂಪನಿ ಕೊಟ್ಟ ವಿಮೆ ಮಾತ್ರ ಇದ್ದರೆ ಅದು ಸಾಲದು. ಕೆಲಸ ಹೋದರೆ ಆ ವಿಮೆಯೂ ಹೋಗುತ್ತದೆ.

ಈ 75,000ವನ್ನು ಆರು ತಿಂಗಳ ಹಣದ ಒಳಗೇ ಸೇರಿಸಿಕೊಂಡರಾಗದೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ದುಡಿಯುವವರೇ ಹಾಸಿಗೆ ಹಿಡಿದಾಗ ಎರಡೂ ಒಟ್ಟಿಗೆ ಬರುತ್ತವೆ. ರಜೆಗಳೆಲ್ಲ ಮುಗಿದ ಮೇಲೆ ಸಂಬಳ ಕಡಿತ ಶುರುವಾಗುತ್ತದೆ, ಆಸ್ಪತ್ರೆಯ ಖರ್ಚು ಅದಕ್ಕೆ ಮೊದಲೇ ಶುರುವಾಗಿರುತ್ತದೆ. ಹಾಗಾಗಿ ಕೂಡಬೇಕು: 3,12,000 ಮತ್ತು 75,000 ಸೇರಿ 3,87,000. ರೌಂಡು ಮಾಡಿದರೆ 3,90,000. ಸಂಬಳದ ಲೆಕ್ಕದಲ್ಲಿ ಇದು ಆರು ಮುಕ್ಕಾಲು ತಿಂಗಳಷ್ಟಾಯಿತು.

ಇಷ್ಟು ಹಣವನ್ನು ಎಲ್ಲಿಡಬೇಕು ಎನ್ನುವಲ್ಲಿ ನಮ್ಮ ಜನ ಮಾಡುವ ಮೊದಲ ಕೆಲಸ ಬಡ್ಡಿ ದರ ಹೋಲಿಸುವುದು. ಬಡ್ಡಿಯ ವ್ಯತ್ಯಾಸ ಎಷ್ಟು ಸಣ್ಣದು ಎಂದು ನೋಡಿ. 3,90,000ಕ್ಕೆ ಒಂದು ಪರ್ಸೆಂಟ್ ಹೆಚ್ಚು ಸಿಕ್ಕರೆ ವರ್ಷಕ್ಕೆ 3,900 ರೂಪಾಯಿ, ತಿಂಗಳಿಗೆ 325. ಈ 325 ರೂಪಾಯಿಗಾಗಿ ಹಣವನ್ನು ಬೇಕಾದಾಗ ಕೈಗೆ ಸಿಗದ ಜಾಗದಲ್ಲಿ ಇಡುವುದು ಬುದ್ಧಿವಂತಿಕೆಯಲ್ಲ.

ಈ ಮನೆಗೆ ನಾನು ಹೇಳುವ ವ್ಯವಸ್ಥೆ ಹೀಗೆ. ಮೊದಲು ಮನೆಯಲ್ಲೇ 10,000 ನಗದು. ನಮ್ಮ ಅಜ್ಜಿಯಂದಿರು ಸಾಸಿವೆ ಡಬ್ಬಿಯಲ್ಲಿ ಇಡುತ್ತಿದ್ದದ್ದೂ ಇದಕ್ಕೇ. ನಡುರಾತ್ರಿ ಆಂಬುಲೆನ್ಸಿನವರಿಗೆ, ನೆಟ್‌ವರ್ಕ್ ಇಲ್ಲದ ಹೊತ್ತಿನ ಮೆಡಿಕಲ್ ಸ್ಟೋರಿಗೆ ಇದು ಬೇಕು. ಇದಕ್ಕಿಂತ ಹೆಚ್ಚು ಮನೆಯಲ್ಲಿಟ್ಟರೆ ಕಳ್ಳರ ಚಿಂತೆ, ಅಲ್ಲದೆ ಅದು ಹಬ್ಬಕ್ಕೆ ಕರಗುತ್ತದೆ.

ಎರಡನೆಯದು ಹೆಂಡತಿಯ ಒಬ್ಬರದೇ ಹೆಸರಿನ ಉಳಿತಾಯ ಖಾತೆಯಲ್ಲಿ 60,000. ಜಂಟಿ ಖಾತೆಯಲ್ಲ, ಅವರದೇ ಖಾತೆ, ಅವರ ಫೋನಿಗೆ ಜೋಡಿಸಿದ ಯುಪಿಐ, ಅವರ ಬಳಿಯೇ ಇರುವ ಡೆಬಿಟ್ ಕಾರ್ಡು. ಗಂಡನ ಕಾರ್ಡಿನ ಪಿನ್ ಹೆಂಡತಿಗೆ ಗೊತ್ತಿದ್ದರೆ ಸಾಕಲ್ಲ ಎನ್ನುತ್ತಾರೆ. ಪಿನ್ ಮರೆತುಹೋದರೆ ಹೊಸದು ಮಾಡಲು ಒಟಿಪಿ ಬರುವುದು ಗಂಡನ ಫೋನಿಗೆ, ಆ ಫೋನು ಅಪಘಾತದಲ್ಲಿ ಪುಡಿಯಾಗಿರಬಹುದು, ಪೊಲೀಸ್ ಠಾಣೆಯಲ್ಲಿರಬಹುದು. ಹೊಸ ಫೋನಿಗೆ ಸಿಮ್ ಹಾಕಿ ಯುಪಿಐ ಹಾಕಿಕೊಂಡರೆ ಮೊದಲ 24 ಗಂಟೆ ಕಳಿಸಬಹುದಾದ ಮೊತ್ತಕ್ಕೆ ಕಡಿಮೆ ಮಿತಿ ಇರುತ್ತದೆ. ಇನ್ನು ಗಂಡ ತೀರಿಕೊಂಡರೆ, ಅವರೊಬ್ಬರ ಹೆಸರಿನ ಖಾತೆಗೆ ಬ್ಯಾಂಕು ತಡೆ ಹಾಕುತ್ತದೆ. ನಾಮಿನಿ ಇದ್ದರೆ ಮರಣ ಪತ್ರ, ಗುರುತಿನ ಚೀಟಿ ಕೊಟ್ಟು ಹಣ ಪಡೆಯಬಹುದು, ಕಾಗದಪತ್ರ ಸರಿಯಾಗಿ ಕೈಸೇರಿದ 15 ದಿನದಲ್ಲಿ ಬ್ಯಾಂಕು ಇತ್ಯರ್ಥ ಮಾಡಬೇಕೆಂಬ ನಿಯಮ ರಿಸರ್ವ್ ಬ್ಯಾಂಕಿನದ್ದು. ಆದರೆ ಆ ಮರಣ ಪತ್ರ ಬರಲೂ ದಿನ ಬೇಕು. ಆ ಹದಿನೈದು ಇಪ್ಪತ್ತು ದಿನ ಮನೆ ನಡೆಯುವುದು ಹೆಂಡತಿಯ ಸ್ವಂತ ಖಾತೆಯಿಂದಲೇ.

ಈ ಖಾತೆಗೆ ಒಂದು ಎಚ್ಚರಿಕೆ. ಕಷ್ಟಕ್ಕೆಂದು ಇಟ್ಟ ಖಾತೆಯನ್ನು ಮುಟ್ಟುವುದೇ ಬೇಡ ಎಂದು ಬಿಟ್ಟರೆ, ಎರಡು ವರ್ಷ ವ್ಯವಹಾರವಿಲ್ಲದ ಖಾತೆಯನ್ನು ಬ್ಯಾಂಕು ನಿಷ್ಕ್ರಿಯ ಎಂದು ಗುರುತಿಸುತ್ತದೆ. ಮತ್ತೆ ಚಾಲೂ ಮಾಡಲು ಕೆವೈಸಿ ಹಿಡಿದು ಶಾಖೆಗೆ ಹೋಗಬೇಕು. ಹಾಗಾಗಿ ಹಾಲಿನ ಬಿಲ್ಲನ್ನೋ ತರಕಾರಿಯನ್ನೋ ಇದೇ ಖಾತೆಯಿಂದ ಕೊಡಿ, ಕಡಿಮೆಯಾದದ್ದನ್ನು ತಿಂಗಳಿಗೊಮ್ಮೆ ತುಂಬಿಸಿ. ಯಜಮಾನರ ಹಣ ಹೆಂಡತಿಯ ಖಾತೆಗೆ ಹೋದರೆ ತೆರಿಗೆ ಬೀಳುತ್ತದೆಯೇ ಎಂಬ ಅಳುಕು ಕೆಲವರಿಗೆ. ಕೊಟ್ಟ ಹಣಕ್ಕೆ ತೆರಿಗೆ ಇಲ್ಲ, ಅದರಿಂದ ಬಂದ ಬಡ್ಡಿಯನ್ನು ಗಂಡನ ಆದಾಯಕ್ಕೆ ಸೇರಿಸಿ ಲೆಕ್ಕ ತೋರಿಸಬೇಕು, ಅಷ್ಟೇ.

ಮೂರನೆಯದು, ದೊಡ್ಡ ಭಾಗ: 2,50,000 ಎಫ್‌ಡಿಯಲ್ಲಿ. ಇದನ್ನು ಎರಡೂವರೆ ಲಕ್ಷದ ಒಂದು ರಸೀದಿಯಾಗಿ ಮಾಡಬೇಡಿ, 50,000ದ ಐದು ಮಾಡಿ. ಬೇಕಾದಾಗ ಒಂದನ್ನು ಮುರಿದರೆ ಉಳಿದ ನಾಲ್ಕು ಬಡ್ಡಿ ದುಡಿಯುತ್ತಲೇ ಇರುತ್ತವೆ. ಮುರಿದರೆ ದಂಡ ಎಂದು ಹೆದರಿ ಎಷ್ಟೋ ಜನ ಎಫ್‌ಡಿ ಇಟ್ಟುಕೊಂಡೇ ಕ್ರೆಡಿಟ್ ಕಾರ್ಡಿನಲ್ಲಿ ಸಾಲ ಮಾಡುತ್ತಾರೆ. ಆ ದಂಡ ಎಷ್ಟೆಂದು ನೋಡೋಣ. ಒಂದು ವರ್ಷಕ್ಕೆ ಆರೂವರೆ ಪರ್ಸೆಂಟಿಗೆ ಇಟ್ಟ 50,000ವನ್ನು ಆರು ತಿಂಗಳಿಗೆ ಮುರಿದಿರಿ ಎಂದಿಟ್ಟುಕೊಳ್ಳಿ. ಬ್ಯಾಂಕು ಆರು ತಿಂಗಳ ಠೇವಣಿಗೆ ಅನ್ವಯಿಸುವ ದರ ಹಿಡಿಯುತ್ತದೆ, ಅದು ಆರು ಎನ್ನಿ, ಅದರಲ್ಲಿ ಒಂದು ಪರ್ಸೆಂಟ್ ದಂಡ ಕಳೆದು ಐದು ಕೊಡುತ್ತದೆ. ಮುರಿಯದಿದ್ದರೆ ಆರು ತಿಂಗಳಿಗೆ 1,625 ರೂಪಾಯಿ ಬಡ್ಡಿಯಾಗುತ್ತಿತ್ತು, ಈಗ 1,250. ನಷ್ಟ 375 ರೂಪಾಯಿ. ಅದೇ 50,000ವನ್ನು ಕ್ರೆಡಿಟ್ ಕಾರ್ಡಿನಲ್ಲಿ ಬಾಕಿ ಬಿಟ್ಟರೆ, ತಿಂಗಳಿಗೆ ಮೂರೂವರೆ ಪರ್ಸೆಂಟಿನಂತೆ ಒಂದೇ ತಿಂಗಳ ಬಡ್ಡಿ 1,750. ಎಫ್‌ಡಿ ಇನ್ನು ಹದಿನೈದು ದಿನದಲ್ಲಿ ಮುಗಿಯುವಂತಿದ್ದರೆ ಮಾತ್ರ ಮುರಿಯದೆ ಅದರ ಮೇಲೆ ಓವರ್‌ಡ್ರಾಫ್ಟ್ ತೆಗೆದುಕೊಳ್ಳುವುದು ಲೇಸು. ಉಳಿತಾಯ ಖಾತೆಗೇ ಜೋಡಿಸುವ ಆಟೋ ಸ್ವೀಪ್ ವ್ಯವಸ್ಥೆಯೂ ಇದೆ. ಮಿತಿ ಮೀರಿದ ಹಣ ತಾನಾಗಿ ಠೇವಣಿಯಾಗುತ್ತದೆ, ಖಾತೆಯಲ್ಲಿ ಕಡಿಮೆಬಿದ್ದಾಗ ಬೇಕಾದಷ್ಟೇ ಮುರಿದು ಬರುತ್ತದೆ. ಸ್ಟೇಟ್ ಬ್ಯಾಂಕಿನಲ್ಲಿ ಸಾವಿರ ರೂಪಾಯಿಯ ಲೆಕ್ಕದಲ್ಲಿ ಮುರಿಯುತ್ತದೆ.

ಈ ಎಫ್‌ಡಿಗಳು ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿರಲಿ. ಇಲ್ಲಿಯೇ, ಫಾರಂ ತುಂಬುವಾಗ, ಬಹುತೇಕರು ನೋಡದೆ ಬಿಡುವ ಒಂದು ವಿಷಯವಿದೆ. ಜಂಟಿ ಠೇವಣಿಯ ಫಾರಂನಲ್ಲಿ ‘ಈದರ್ ಆರ್ ಸರ್ವೈವರ್’ ಎಂದು ಗುರುತು ಹಾಕಿಸುತ್ತಾರೆ, ಅಂದರೆ ಇಬ್ಬರಲ್ಲಿ ಯಾರಾದರೂ, ಒಬ್ಬರು ಹೋದರೆ ಉಳಿದವರು. ಇದನ್ನು ಹಾಕಿಸಿದ ಮೇಲೆ ಯಾರು ಬೇಕಾದರೂ ಯಾವಾಗ ಬೇಕಾದರೂ ಹಣ ತೆಗೆಯಬಹುದು ಎಂದೇ ಎಲ್ಲರ ನಂಬಿಕೆ. ಅದು ಅವಧಿ ಮುಗಿದ ಮೇಲಿನ ಮಾತು. ಅವಧಿಗೆ ಮೊದಲೇ ಮುರಿಯಬೇಕಾದರೆ ಇಬ್ಬರ ಸಹಿಯನ್ನೂ ಬ್ಯಾಂಕು ಕೇಳಬಹುದು. ಒಬ್ಬರು ತೀರಿಕೊಂಡಿದ್ದರೆ ಅವರ ವಾರಸುದಾರರೆಲ್ಲರ ಒಪ್ಪಿಗೆ ಬೇಕೆನ್ನಬಹುದು. ಗಂಡ ಐಸಿಯುನಲ್ಲಿದ್ದಾಗ ಅವರ ಸಹಿ ಎಲ್ಲಿಂದ ತರುವುದು? ಇದಕ್ಕೆ ರಿಸರ್ವ್ ಬ್ಯಾಂಕೇ ದಾರಿ ಮಾಡಿಕೊಟ್ಟಿದೆ. ಅವಧಿಪೂರ್ವ ವಾಪಸಾತಿಯನ್ನೂ ಇಬ್ಬರಲ್ಲಿ ಒಬ್ಬರಿಗೆ ಅಥವಾ ಉಳಿದವರಿಗೆ ಕೊಡಬಹುದು ಎಂದು ಇಬ್ಬರೂ ಸೇರಿ ಮೊದಲೇ ಬರೆದುಕೊಟ್ಟರೆ ಬ್ಯಾಂಕು ಹಾಗೆ ಕೊಡಬಹುದು. ಇದಕ್ಕೆ ಜಂಟಿ ಮ್ಯಾಂಡೇಟ್ ಎನ್ನುತ್ತಾರೆ. ಫಾರಂನ ಮೂಲೆಯಲ್ಲಿ ಇದಕ್ಕೊಂದು ಚೌಕ ಇರಬಹುದು, ಇಲ್ಲದಿದ್ದರೆ ಬಿಳಿ ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ ಕೊಟ್ಟು, ಸ್ವೀಕರಿಸಿದ ಸೀಲು ಹಾಕಿಸಿಕೊಳ್ಳಬೇಕು. ಹಳೆಯ ಎಫ್‌ಡಿಗೂ ಹೀಗೆ ಬರೆದುಕೊಡುವುದಕ್ಕೆ ಅಡ್ಡಿಯಿಲ್ಲ. ಆ್ಯಪ್‌ನಲ್ಲಿ ಒಬ್ಬರ ಹೆಸರಲ್ಲಿ ಮಾಡಿದ ಎಫ್‌ಡಿಯನ್ನು ಅವರು ಕೂತಲ್ಲೇ ಮುರಿಯಬಹುದು, ಜಂಟಿ ಎಫ್‌ಡಿಯನ್ನು ಮುರಿಯಲು ಹಲವು ಕಡೆ ಶಾಖೆಗೇ ಹೋಗಬೇಕು. ಎರಡನೇ ಶನಿವಾರ, ಭಾನುವಾರ, ಸೋಮವಾರ ಹಬ್ಬ ಎಂದು ಮೂರು ದಿನ ಬಾಗಿಲು ಹಾಕಿದ್ದರೆ ಅಲ್ಲಿಯವರೆಗೆ ಹೆಂಡತಿಯ ಖಾತೆಯ 60,000 ಇದೆ.

ಈಗ ಲೆಕ್ಕದಲ್ಲಿ ಉಳಿದದ್ದು 70,000. ಅದನ್ನು ಇನ್ನೊಂದು ಬ್ಯಾಂಕಿನಲ್ಲಿ, ಹೆಂಡತಿಯ ಹೆಸರಿನಲ್ಲೇ ಎಫ್‌ಡಿ ಅಥವಾ ಸ್ವೀಪ್ ಮಾಡಿ. ಎರಡು ಬ್ಯಾಂಕು ಯಾಕೆ ಎಂಬುದಕ್ಕೆ ಬೆಂಗಳೂರಿನ ಬಸವನಗುಡಿಯವರಿಗೆ ವಿವರಣೆ ಬೇಕಾಗಿಲ್ಲ. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ಅಲ್ಲಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ನಿರ್ಬಂಧ ಹೇರಿತು. ಠೇವಣಿ ಎಷ್ಟೇ ಇದ್ದರೂ ತೆಗೆಯಲು ಸಿಕ್ಕದ್ದು 35,000 ರೂಪಾಯಿ. ನಿವೃತ್ತಿಯ ಹಣವನ್ನೆಲ್ಲ ಅಲ್ಲೇ ಇಟ್ಟಿದ್ದವರು ಬೀದಿಗೆ ಬಂದು ನಿಂತರು.

ಅದರ ಮುಂದಿನ ತಿಂಗಳು, 2020ರ ಫೆಬ್ರವರಿ 4ರಿಂದ, ಠೇವಣಿ ವಿಮೆಯ ಮಿತಿ ಒಂದು ಲಕ್ಷದಿಂದ ಐದು ಲಕ್ಷಕ್ಕೆ ಏರಿತು. ಬ್ಯಾಂಕು ಮುಳುಗಿದರೆ ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ ಐದು ಲಕ್ಷದವರೆಗೆ ಡಿಐಸಿಜಿಸಿ ಎಂಬ ಸಂಸ್ಥೆ ಕೊಡುತ್ತದೆ. ಬ್ಯಾಂಕಿನ ಮೇಲೆ ನಿರ್ಬಂಧ ಬಿದ್ದ 90 ದಿನದೊಳಗೆ ಈ ಹಣ ಕೊಡಬೇಕು ಎಂದು 2021ರಲ್ಲಿ ಕಾನೂನು ತಿದ್ದಿದರು. ನಮ್ಮ ಕುಟುಂಬದ ಹಣ ಐದು ಲಕ್ಷದ ಒಳಗೇ ಇದೆ, ಮುಳುಗುವುದಿಲ್ಲ. ಆದರೆ 90 ದಿನ ಎಂದರೆ ಮೂರು ತಿಂಗಳ ಬಾಡಿಗೆ, ಮೂರು ತಿಂಗಳ ದಿನಸಿ. ಉಳಿತಾಯದ ಹಣವಾದರೆ ತಡೆದುಕೊಳ್ಳುತ್ತದೆ, ತುರ್ತು ಹಣ ತಡೆದುಕೊಳ್ಳುವುದಿಲ್ಲ.

ಇಲ್ಲಿ ಕರ್ನಾಟಕದವರು ಗಮನಿಸಲೇಬೇಕಾದ ಒಂದು ವ್ಯತ್ಯಾಸವಿದೆ. ಸಹಕಾರ ಬ್ಯಾಂಕಿಗೆ ಈ ವಿಮೆ ಇದೆ. ಪತ್ತಿನ ಸಹಕಾರ ಸಂಘಕ್ಕೆ, ಸೌಹಾರ್ದ ಸಹಕಾರಿಗೆ ಇಲ್ಲ. ಬೋರ್ಡಿನಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ, ಕೌಂಟರು, ಪಾಸ್‌ಬುಕ್ಕು, ಪಿಗ್ಮಿ ಏಜೆಂಟರು ಎಲ್ಲ ಇರುತ್ತಾರೆ, ಬಡ್ಡಿ ಒಂದೆರಡು ಪರ್ಸೆಂಟ್ ಜಾಸ್ತಿ, ಅಧ್ಯಕ್ಷರು ನಮ್ಮ ಬೀದಿಯವರೇ. ಚೆನ್ನಾಗಿ ನಡೆಯುವ ಸಂಘಗಳು ಬೇಕಾದಷ್ಟಿವೆ, ಅವು ಕೆಟ್ಟವು ಎಂದು ನಾನು ಹೇಳುತ್ತಿಲ್ಲ. ತುರ್ತು ನಿಧಿ ಇಡುವ ಜಾಗ ಅವಲ್ಲ ಎನ್ನುತ್ತಿದ್ದೇನೆ. ಪತ್ತೆ ಹಚ್ಚುವುದು ಸುಲಭ. ಹೆಸರಿನಲ್ಲಿ ‘ಬ್ಯಾಂಕ್’ ಎಂಬ ಪದ ಇದೆಯೇ ನೋಡಿ, ಡಿಐಸಿಜಿಸಿಯ ಜಾಲತಾಣದಲ್ಲಿ ವಿಮೆ ಇರುವ ಬ್ಯಾಂಕುಗಳ ಪಟ್ಟಿ ಇದೆ, ಅದರಲ್ಲಿ ಹುಡುಕಿ.

ಲಿಕ್ವಿಡ್ ಫಂಡ್ ಇಡಬಹುದಲ್ಲ ಎಂದು ಷೇರು, ಮ್ಯೂಚುವಲ್ ಫಂಡ್ ತಿಳಿದವರು ಕೇಳುತ್ತಾರೆ. ಇಬ್ಬರೂ ದುಡಿಯುವ ಮನೆಗೆ ಒಳ್ಳೆಯ ಆಯ್ಕೆ. ಹಣ ಸಾಮಾನ್ಯವಾಗಿ ಮರು ಕೆಲಸದ ದಿನ ಬರುತ್ತದೆ, ಹಲವು ಫಂಡುಗಳಲ್ಲಿ ದಿನಕ್ಕೆ 50,000 ತನಕ ತಕ್ಷಣವೇ ಸಿಗುತ್ತದೆ. ಆದರೆ ಅದನ್ನು ತೆಗೆಯಲು ಬೇಕಾದ ಆ್ಯಪ್, ಒಟಿಪಿ, ಜೋಡಿಸಿದ ಬ್ಯಾಂಕ್ ಖಾತೆ ಮತ್ತೆ ಅದೇ ಒಬ್ಬರ ಕೈಯಲ್ಲಿ. ಜೊತೆಗೆ, ಲಿಕ್ವಿಡ್ ಎಂದುಕೊಂಡು ಸ್ವಲ್ಪ ಹೆಚ್ಚು ಲಾಭದ ಬೇರೆ ಸಾಲಪತ್ರ ಫಂಡಿಗೆ ಜಾರುವುದು ಸುಲಭ. 2020ರ ಏಪ್ರಿಲ್ 23ರಂದು ಫ್ರಾಂಕ್ಲಿನ್ ಟೆಂಪಲ್‌ಟನ್ ತನ್ನ ಆರು ಸಾಲಪತ್ರ ಯೋಜನೆಗಳನ್ನು ಮುಚ್ಚಿದಾಗ ಅಲ್ಪಾವಧಿಯ ಹಣವೆಂದು ಅಲ್ಲಿಟ್ಟಿದ್ದವರು ತಿಂಗಳುಗಟ್ಟಲೆ ಕಾದರು, ಅದೂ ಲಾಕ್‌ಡೌನಿನ ನಡುವೆ. ಒಬ್ಬರ ದುಡಿಮೆಯ ಮನೆಗೆ ಇದರ ಅಗತ್ಯ ನನಗೆ ಕಾಣುವುದಿಲ್ಲ. ಪಿಪಿಎಫ್, ಎಲ್‌ಐಸಿ ಪಾಲಿಸಿ, ಎನ್‌ಎಸ್‌ಸಿ ಇವೆಲ್ಲ ಬೇರೆ ಉದ್ದೇಶಕ್ಕೆ ಸರಿ, ಇದಕ್ಕಲ್ಲ. ಚಿನ್ನ ಕೊನೆಯ ಸಾಲಿನ ರಕ್ಷಣೆ. ನಿಧಿ ಖಾಲಿಯಾದ ಮೇಲೆ ಅಡವಿಡಿ, ಮಾರಬೇಡಿ.

ಸಂಬಳ ಅಲ್ಲಿಗಲ್ಲಿಗೇ ಇರುವ ಮನೆಗೆ 3,90,000 ಎಲ್ಲಿಂದ ಬರಬೇಕು? ಒಂದೇ ವರ್ಷದಲ್ಲಿ ಬರುವುದಿಲ್ಲ. ನಮ್ಮ ಸೂಪರ್‌ವೈಸರ್‌ಗೆ ವರ್ಷಕ್ಕೊಮ್ಮೆ 40,000 ಬೋನಸ್ ಬರುತ್ತದೆ ಎನ್ನೋಣ, ಮನೆಖರ್ಚಿನಲ್ಲಿ ತಿಂಗಳಿಗೆ 2,500 ಹಿಡಿಯುತ್ತಾರೆ ಎನ್ನೋಣ. ಮೊದಲ ವರ್ಷ 70,000 ಆಯಿತು. ಅದು ಮನೆಯ ನಗದಿಗೆ ಮತ್ತು ಹೆಂಡತಿಯ ಖಾತೆಗೆ ಸರಿಹೋಯಿತು. ಎಫ್‌ಡಿಯ ಯೋಚನೆ ಅದಾದ ಮೇಲೆ. ಅವರ ಚೀಟಿ ಒಂದು ಲಕ್ಷದ್ದು, ಇಪ್ಪತ್ತು ತಿಂಗಳಿನದು. ಕೊನೆಯವರೆಗೆ ಎತ್ತದೆ ಬಿಟ್ಟರೆ ಕಮಿಷನ್ನು ಹೋಗಿ ಡಿವಿಡೆಂಡು ಸೇರಿ ಹತ್ತಿರ ಹತ್ತಿರ ಒಂದು ಲಕ್ಷ ಕೈಗೆ ಬರುತ್ತದೆ. ಅದನ್ನು ಟಿವಿಗೋ ಸೋಫಾಗೋ ಹಾಕದೆ ನೇರವಾಗಿ ಎರಡು ಎಫ್‌ಡಿ ಮಾಡಬೇಕು, ಹೊಸ ಚೀಟಿ ಸೇರದೆ ಆ 5,000ವನ್ನು ಆರ್‌ಡಿಗೆ ತಿರುಗಿಸಬೇಕು. ಹೀಗೆ ಎರಡನೇ ವರ್ಷದ ಕೊನೆಗೆ 2,60,000, ಮೂರನೇ ವರ್ಷದ ಕೊನೆಗೆ 3,90,000. ಚೀಟಿ ಮುಗಿದ ಮೇಲೆ ಕಡ್ಡಾಯ ಖರ್ಚೂ 5,000 ಇಳಿಯುತ್ತದೆ, ಹಾಗಾಗಿ ಅದೇ ಹಣ ಆರು ತಿಂಗಳಿಗೆ ಬದಲು ಆರೂವರೆ ತಿಂಗಳು ದಾಟುತ್ತದೆ. ಫೀಸು, ಬಾಡಿಗೆ ಏರಿ ಆ ಲಾಭವನ್ನು ತಿಂದುಹಾಕುವುದೂ ಉಂಟು. ಪ್ರತಿ ಜೂನ್‌ನಲ್ಲಿ ಫೀಸು ಕಟ್ಟಿದ ಮೇಲೆ ಒಮ್ಮೆ ಪಟ್ಟಿ ನೋಡಿದರೆ ಸಾಕು.

ನಿಧಿ ಪೂರ್ತಿಯಾದ ಮೇಲೆ ಒಂದು ಭಾನುವಾರ ಪರೀಕ್ಷೆ ಮಾಡಿ. ಯಜಮಾನರು ಫೋನು ಪಕ್ಕಕ್ಕಿಟ್ಟು ಸುಮ್ಮನೆ ಕೂರಲಿ, ಬಾಯಿ ಬಿಡಬಾರದು. ಹೆಂಡತಿ ತಮ್ಮ ಕಾರ್ಡಿನಿಂದ ಎಟಿಎಂನಲ್ಲಿ ಹತ್ತು ಸಾವಿರ ತೆಗೆಯಲಿ, ತಮ್ಮ ಫೋನಿನಿಂದ ಎರಡನೇ ಬ್ಯಾಂಕಿನ ಎಫ್‌ಡಿ ಎಲ್ಲಿದೆ ಎಂದು ತೆರೆದು ತೋರಿಸಲಿ, ಆರೋಗ್ಯ ವಿಮೆಯ ಕಾರ್ಡು, ಜಂಟಿ ಎಫ್‌ಡಿಯ ರಸೀದಿ ಹುಡುಕಿ ತರಲಿ. ಎಲ್ಲಾದರೂ ಒಂದು ಕಡೆ “ರೀ, ಇದರ ಪಿನ್ ಎಷ್ಟು?” ಎಂಬ ಪ್ರಶ್ನೆ ಬಂತೋ, ಅಲ್ಲಿ ನಿಧಿ ತೂತಾಗಿದೆ ಎಂದು ತಿಳಿಯಿರಿ.

ಹಣ ಕೂಡಿಸಲು ಮೂರು ವರ್ಷ ಬೇಕಾದೀತು. ಈಗಾಗಲೇ ಇರುವ ಎಫ್‌ಡಿಗೆ ಮ್ಯಾಂಡೇಟ್ ಬರೆದುಕೊಡಲು ಬೇಕಾದದ್ದು ಒಂದು ಹಾಳೆ ಮತ್ತು ಬ್ಯಾಂಕಿನಲ್ಲಿ ಅರ್ಧ ಗಂಟೆ. 2025ರ ನವೆಂಬರ್ 1ರಿಂದ ಒಂದು ಠೇವಣಿಗೆ ನಾಲ್ವರು ನಾಮಿನಿಗಳನ್ನು ಹೆಸರಿಸಬಹುದು, ಅದನ್ನೂ ಅದೇ ಓಡಾಟದಲ್ಲಿ ಮುಗಿಸಿ. ಈ ವಾರವೇ ಇಬ್ಬರೂ ಒಟ್ಟಿಗೆ ಹೋಗಿ, ಸೀಲು ಹಾಕಿದ ಪ್ರತಿ ಇಸಿದುಕೊಳ್ಳದೆ ಶಾಖೆಯಿಂದ ಹೊರಡಬೇಡಿ.